ವೈದ್ಯರು ಬರೆದ ಕೊಲಿಸ್ಟಿನ್ ಇಂಜೆಕ್ಷನ್ನನ್ನು ಫಾರ್ಮಸಿಯವರು ತಡೆಹಿಡಿದದ್ದೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 72 ವರ್ಷ, ನಮ್ಮದು ತೀರ್ಥಹಳ್ಳಿ ಸಮೀಪದ ಊರು. ಪ್ರಾಸ್ಟೇಟ್ ತೊಂದರೆಯಿಂದಾಗಿ ಅವರಿಗೆ ಮೂರು ವಾರಗಳಿಂದ ಮೂತ್ರದ ಕ್ಯಾಥೆಟರ್ ಹಾಕಲಾಗಿತ್ತು. ಸೋಮವಾರ ರಾತ್ರಿ ವಿಪರೀತ ಚಳಿಜ್ವರ ಬಂದದ್ದರಿಂದ ಶಿವಮೊಗ್ಗದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಬುಧವಾರ ಮಧ್ಯಾಹ್ನ ಬಂದ ಮೂತ್ರದ ಕಲ್ಚರ್ ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲ ಔಷಧಗಳ ಮುಂದೆಯೂ ‘ಆರ್’, ಅಂದರೆ ಈ ಔಷಧ ನಾಟುವುದಿಲ್ಲ, ಎಂದಿತ್ತು. ಡ್ಯೂಟಿ ಡಾಕ್ಟರು ಕೊಲಿಸ್ಟಿನ್ ಬರೆದರು. ಔಷಧ ಸ್ಟಾಕ್ ಇದ್ದರೂ ಫಾರ್ಮಸಿಯವರು ಕೊಡಲಿಲ್ಲ. ಫಾರಂ ತುಂಬಬೇಕು, ದೊಡ್ಡ ಡಾಕ್ಟರೊಂದಿಗೆ ಮಾತನಾಡಬೇಕು ಎಂದರು. ಸಂಜೆ ಆ ಇಂಜೆಕ್ಷನ್ ಬೇಡವೆಂದೇ ತೀರ್ಮಾನವಾಯಿತು. ಅಪ್ಪ ಗುಣವಾಗಿ ಮನೆಗೆ ಬಂದಿದ್ದಾರೆ, ಆದರೆ ಅನುಮಾನ ಉಳಿದಿದೆ. ವೈದ್ಯರು ಬರೆದ ಔಷಧವನ್ನು ಫಾರ್ಮಸಿಯವರು ತಡೆಯಬಹುದೇ?

ಉತ್ತರ: ಪ್ರಶ್ನೆಯೊಂದಿಗೆ ತಾವು ಎರಡು ಕಲ್ಚರ್ ರಿಪೋರ್ಟುಗಳನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಕಳುಹಿಸಿರುವುದರಿಂದ, ಆ ಬುಧವಾರ ನಡೆದದ್ದೇನೆಂದು ಬಿಡಿಸಿ ಹೇಳುವುದು ಸಾಧ್ಯವಾಗಿದೆ. ಆಸ್ಪತ್ರೆಯ ಫಾರ್ಮಸಿಯಲ್ಲಿ ಇದೇ ಕೆಲಸ ಮಾಡುವವನಾಗಿ ಮೊದಲು ಒಂದು ಮಾತು ಸ್ಪಷ್ಟಪಡಿಸುತ್ತೇನೆ. ವೈದ್ಯರು ಬರೆದ ಔಷಧವನ್ನು ತನ್ನಷ್ಟಕ್ಕೆ ಬದಲಿಸುವ ಅಧಿಕಾರ ಫಾರ್ಮಾಸಿಸ್ಟನಿಗೆ ಇಲ್ಲ. ಬರೆದದ್ದರ ಕಾರಣವನ್ನು ಕೇಳುವುದು, ಸಂದೇಹವಿದ್ದರೆ ರೋಗಿಯ ಹೊಣೆ ಹೊತ್ತ ವೈದ್ಯರೊಂದಿಗೆ ಮಾತನಾಡುವುದು ಮಾತ್ರ ಅವನ ಕೆಲಸ. ಕೆಲವು ಔಷಧಗಳ ವಿಷಯದಲ್ಲಿ ಹಾಗೆ ಕೇಳಲೇಬೇಕೆಂಬ ನಿಯಮವನ್ನು ಆಸ್ಪತ್ರೆಯ ವೈದ್ಯರೇ ಸೇರಿ ಮಾಡಿಕೊಂಡಿರುತ್ತಾರೆ.

ಕೊಲಿಸ್ಟಿನ್ ಅಂಥ ಔಷಧಗಳಲ್ಲೊಂದು. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಆ್ಯಂಟಿಬಯಾಟಿಕ್‌ಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಬೇರೆ ಔಷಧಗಳೆಲ್ಲ ಸೋತಾಗ ಮಾತ್ರ ಬಳಸಬೇಕಾದವನ್ನು ‘ರಿಸರ್ವ್’ ಗುಂಪಿನಲ್ಲಿಟ್ಟಿತು. ಕೊಲಿಸ್ಟಿನ್, ಟೈಜಿಸೈಕ್ಲಿನ್, ಲಿನೆಜೋಲಿಡ್, ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಮುಂತಾದವು ಈ ಗುಂಪಿಗೆ ಸೇರುತ್ತವೆ. ಇಂಥವನ್ನು ಕೇಳಿದಾಗ ತುಂಬಿಸುವ ಫಾರಂ ಒಂದೇ ಪುಟದ್ದು. ಸೋಂಕು ದೇಹದ ಯಾವ ಭಾಗದಲ್ಲಿದೆ, ಕಲ್ಚರ್ ಕಳುಹಿಸಲಾಗಿದೆಯೇ, ಈವರೆಗೆ ಏನು ಕೊಟ್ಟಿದ್ದಾರೆ, ಕಿಡ್ನಿಯ ಸ್ಥಿತಿ ಹೇಗಿದೆ, ಎಷ್ಟು ದಿನ ಕೊಡುವ ಉದ್ದೇಶವಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ರಕ್ತದೊತ್ತಡ ಕುಸಿದು ಪ್ರಾಣಾಪಾಯದಲ್ಲಿರುವ ರೋಗಿಯ ಮೊದಲ ಡೋಸನ್ನು ಈ ಫಾರಂಗಾಗಿ ಯಾರೂ ನಿಲ್ಲಿಸಬಾರದು. ಅಂಥ ಸಂದರ್ಭದಲ್ಲಿ ಔಷಧವನ್ನು ಮೊದಲು ಕೊಟ್ಟು ಕಾರಣವನ್ನು ಆಮೇಲೆ ಕೇಳಲಾಗುತ್ತದೆ. ತಮ್ಮ ತಂದೆಯವರ ಸ್ಥಿತಿ ಬುಧವಾರ ಹಾಗಿರಲಿಲ್ಲ, ಮತ್ತು ಅವರಿಗೆ ಮೊದಲ ರಾತ್ರಿಯಿಂದಲೇ ಮೆರೊಪೆನೆಮ್ ಎಂಬ ಪ್ರಬಲ ಆ್ಯಂಟಿಬಯಾಟಿಕ್ ನಡೆಯುತ್ತಿತ್ತು. ಆದ್ದರಿಂದ ಕೆಲವು ಗಂಟೆಗಳ ವಿಚಾರವಿನಿಮಯಕ್ಕೆ ಅವಕಾಶವಿತ್ತು.

ಈಗ ರಿಪೋರ್ಟುಗಳಿಗೆ ಬರೋಣ. ಬುಧವಾರ ಮಧ್ಯಾಹ್ನದ ಮೂತ್ರದ ರಿಪೋರ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಮಿಗಿಲಾಗಿ ಬೆಳೆದಿದೆ. ಅದಕ್ಕೆ ಮೆರೊಪೆನೆಮ್ ಕೂಡ ನಾಟುವುದಿಲ್ಲವೆಂದು ಬರೆದಿದೆ. ಇದೊಂದನ್ನೇ ನೋಡಿದ ಯಾವ ಕಿರಿಯ ವೈದ್ಯರಿಗೂ ಕೊಲಿಸ್ಟಿನ್ ನೆನಪಾಗುವುದು ಸಹಜ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ರಿಪೋರ್ಟಿನ ಮೇಲ್ಭಾಗದಲ್ಲಿ, ಔಷಧ ನಾಟುತ್ತದೆಂಬ ‘ಎಸ್’ ಮತ್ತು ನಾಟುವುದಿಲ್ಲವೆಂಬ ‘ಆರ್’ ಪಟ್ಟಿಗಿಂತ ಮೊದಲು, ‘ಕ್ಯಾಥೆಟರ್ ಮೂತ್ರ’ ಎಂದು ಮಾದರಿಯ ವಿವರವಿದೆ. ನಾವು ಮೊದಲು ಓದುವುದು ಈ ಸಾಲನ್ನೇ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿಯುವಂತೆ, ವಾರಗಟ್ಟಲೆ ಒಳಗಿದ್ದ ಕ್ಯಾಥೆಟರ್ ನಳಿಕೆಗೆ ಬ್ಯಾಕ್ಟೀರಿಯಾಗಳ ಪದರ ಕಟ್ಟಿಕೊಂಡಿರುತ್ತದೆ. ಆ ನಳಿಕೆಯ ಮೂಲಕ ಬಂದ ಮೂತ್ರದಲ್ಲಿ ಆ ಪದರದ ಬ್ಯಾಕ್ಟೀರಿಯಾ ಧಾರಾಳವಾಗಿ ಬೆಳೆಯುತ್ತದೆ. ಜ್ವರಕ್ಕೆ ಕಾರಣ ಅದೇ ಆಗಿರಬೇಕೆಂದೇನೂ ಇಲ್ಲ. ಎಣಿಕೆ ಲಕ್ಷ ದಾಟಿದ ಮಾತ್ರಕ್ಕೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಹಾಗಾಗಿ ಹಳೆಯ ಕ್ಯಾಥೆಟರನ್ನು ತೆಗೆದು, ಹೊಸತನ್ನು ಹಾಕಿ, ಅದರಿಂದ ಬಂದ ಮೂತ್ರವನ್ನೇ ಕಲ್ಚರಿಗೆ ಕಳುಹಿಸಬೇಕೆಂಬುದು ಸರಿಯಾದ ಕ್ರಮ. ಸಂಗ್ರಹದ ಚೀಲದಿಂದ ಮೂತ್ರ ತೆಗೆದು ಕಳುಹಿಸಿದರಂತೂ ರಿಪೋರ್ಟಿಗೆ ಅರ್ಥವೇ ಇರುವುದಿಲ್ಲ.

ಫಾರ್ಮಾಸಿಸ್ಟ್ ಎರಡನೆಯದಾಗಿ ನೋಡುವುದು ರೋಗಿಯ ಚಾರ್ಟನ್ನು. ಸೋಮವಾರ 103 ಡಿಗ್ರಿ ಇದ್ದ ಜ್ವರ ಬುಧವಾರ ಬೆಳಿಗ್ಗೆ 99.6ಕ್ಕೆ ಇಳಿದಿತ್ತು, ರಕ್ತದೊತ್ತಡ ಸ್ಥಿರವಾಗಿತ್ತು, ಕಿಡ್ನಿ ದುರ್ಬಲವಾದಾಗ ಏರುವ ಕ್ರಿಯಾಟಿನಿನ್ 1.9ರಿಂದ 1.5ಕ್ಕೆ ಬಂದಿತ್ತು. ಮೆರೊಪೆನೆಮ್‌ಗೆ ಬಗ್ಗದ ಬ್ಯಾಕ್ಟೀರಿಯಾವೇ ಈ ಕಾಯಿಲೆಗೆ ಕಾರಣವಾಗಿದ್ದರೆ ಮೆರೊಪೆನೆಮ್‌ನಿಂದ ರೋಗಿ ಹೀಗೆ ಚೇತರಿಸಿಕೊಳ್ಳುತ್ತಿದ್ದುದು ಹೇಗೆ? ರಿಪೋರ್ಟ್ ಒಂದು ಹೇಳಿ, ರೋಗಿಯ ದೇಹ ಇನ್ನೊಂದು ಹೇಳುತ್ತಿರುವಾಗ ಔಷಧ ಬದಲಿಸುವ ಮೊದಲು ನಿಂತು ಯೋಚಿಸುವುದು ಅಗತ್ಯ. ಇಂಥ ಹೊತ್ತಿನಲ್ಲಿ ನಾವು ಹೊಣೆಗಾರ ವೈದ್ಯರಿಗೆ ಫೋನ್ ಮಾಡಿ ಕೇಳುವ ಮಾತು ತೀರ ಸರಳವಾದದ್ದು: “ಸರ್, ಪೇಷೆಂಟ್ ಸುಧಾರಿಸುತ್ತಿದ್ದಾರೆ. ಬ್ಲಡ್ ಕಲ್ಚರ್ ಪಾಸಿಟಿವ್ ಅಂತ ನಿನ್ನೆಯೇ ಹೇಳಿದ್ದಾರೆ, ಯಾವ ಬ್ಯಾಕ್ಟೀರಿಯಾ ಅಂತ ಸಂಜೆಯೊಳಗೆ ತಿಳಿಯುತ್ತದೆ. ಅಲ್ಲಿಯವರೆಗೆ ಕಾಯೋಣವೇ?”

ಕಾದದ್ದು ಸಾರ್ಥಕವಾಯಿತು. ಮೆರೊಪೆನೆಮ್‌ನ ಮೊದಲ ಡೋಸಿಗೆ ಮುಂಚೆ ಎರಡೂ ತೋಳುಗಳಿಂದ ತೆಗೆದಿದ್ದ ರಕ್ತದ ಬಾಟಲಿಗಳಲ್ಲಿ ಇ. ಕೋಲಿ ಎಂಬ ಬೇರೆಯೇ ಬ್ಯಾಕ್ಟೀರಿಯಾ ಬೆಳೆದಿತ್ತು. ಅದು ಸೆಫ್ಟ್ರಿಯಾಕ್ಸೋನ್ ಎಂಬ ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಮಣಿಯದಿದ್ದರೂ ಮೆರೊಪೆನೆಮ್‌ಗೆ ಮಣಿಯುವಂಥದ್ದು. ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಇರಲೇಬಾರದ ರಕ್ತದಲ್ಲಿ, ಎರಡೂ ತೋಳುಗಳ ಬಾಟಲಿಗಳಲ್ಲಿ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಅದನ್ನು ರೋಗಕಾರಕವೆಂದೇ ಪರಿಗಣಿಸಬೇಕಾಗುತ್ತದೆ. ಮೂತ್ರದ ಕ್ಲೆಬ್ಸಿಯೆಲ್ಲಾ ನಳಿಕೆಯ ನಿವಾಸಿಯಷ್ಟೇ ಎಂಬ ತೀರ್ಮಾನಕ್ಕೆ ಬರಲು ಇದೇ ಆಧಾರ. ಕ್ಯಾಥೆಟರ್ ಬದಲಿಸಿದ ನಂತರ ಮತ್ತೆ ಕಳುಹಿಸಿದ ಮೂತ್ರದಲ್ಲಿ ಅದು ಬೆಳೆಯಲಿಲ್ಲವೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನಮೂದಾಗಿದೆ.

ಹಾಗಿದ್ದರೂ ‘ಒಂದು ಕಡೆಯಿಂದ ಇರಲಿ’ ಎಂದು ಕೊಲಿಸ್ಟಿನ್ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ತಾವು ಕೇಳಬಹುದು. ಈ ಔಷಧ ಕಿಡ್ನಿಗೆ ಹಾನಿ ಮಾಡುವಂಥದ್ದು, ಮತ್ತು ತಮ್ಮ ತಂದೆಯವರ ಕಿಡ್ನಿ ಆಗಷ್ಟೇ ಸುಧಾರಿಸುತ್ತಿತ್ತು. ಕೊಡಲೇಬೇಕಾದಾಗ ಮೊದಲಿಗೆ 90 ಲಕ್ಷ ಯೂನಿಟ್ಟುಗಳ ದೊಡ್ಡ ಡೋಸನ್ನು ಕೊಟ್ಟು, ಮುಂದಿನ ಡೋಸುಗಳನ್ನು ಕಿಡ್ನಿಯ ಶಕ್ತಿಗೆ ತಕ್ಕಂತೆ ಲೆಕ್ಕ ಹಾಕಬೇಕು. ಕೆಲವು ಕಡೆ ಯೂನಿಟ್ಟುಗಳಲ್ಲಿ, ಕೆಲವು ಕಡೆ ಮಿಲಿಗ್ರಾಂಗಳಲ್ಲಿ ಬರೆಯುವುದರಿಂದ ಈ ಲೆಕ್ಕ ತಪ್ಪುವ ಸಂಭವವೂ ಇದೆ. ಇದಲ್ಲದೆ, ಕೊಲಿಸ್ಟಿನ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಔಷಧ ಹಚ್ಚಿದ ಬಿಲ್ಲೆಯನ್ನು ಬ್ಯಾಕ್ಟೀರಿಯಾದ ಮೇಲಿಟ್ಟು ನೋಡುವ ಸಾಮಾನ್ಯ ಡಿಸ್ಕ್ ವಿಧಾನದಿಂದ ನಂಬುವಂತೆ ಹೇಳಲಾಗುವುದಿಲ್ಲ. ಅದಕ್ಕೆ ಔಷಧವನ್ನು ಹಂತಹಂತವಾಗಿ ದ್ರವದಲ್ಲಿ ಕರಗಿಸಿ ನೋಡುವ ಪ್ರತ್ಯೇಕ ಪರೀಕ್ಷೆ ಬೇಕು. ಹೀಗಾಗಿ ಕೊಲಿಸ್ಟಿನ್ ಮುಂದೆ ಬರೆದ ಅಕ್ಷರವನ್ನು, ಯಾವ ವಿಧಾನದಿಂದ ಪರೀಕ್ಷಿಸಿದ್ದೀರಿ ಎಂದು ಮೈಕ್ರೊಬಯಾಲಜಿಯವರನ್ನು ಕೇಳಿ ಖಚಿತಪಡಿಸಿಕೊಳ್ಳದೆ ನಾವು ಒಪ್ಪುವುದಿಲ್ಲ. ಒಂದು ವೇಳೆ ಆ ಕ್ಲೆಬ್ಸಿಯೆಲ್ಲಾ ರಕ್ತದಲ್ಲಿಯೇ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಆಗ ರಿಸರ್ವ್ ಔಷಧವನ್ನು ಅದೇ ಗಂಟೆಯಲ್ಲಿ ವಾರ್ಡಿಗೆ ತಲುಪಿಸುವುದು ನಮ್ಮ ಕರ್ತವ್ಯವಾಗುತ್ತಿತ್ತು.

ಪ್ರಬಲ ಔಷಧಗಳ ಬಳಕೆ ತಗ್ಗಿಸಿ ಹಣ ಉಳಿಸಲು ಹೀಗೆ ಮಾಡುತ್ತಾರೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ತಮ್ಮ ರಕ್ತದ ರಿಪೋರ್ಟಿನಲ್ಲೇ ಅದಕ್ಕೆ ಉತ್ತರವಿದೆ. ಪೈಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಎಂಬ ಇನ್ನೊಂದು ಔಷಧದ ಮುಂದೆಯೂ ‘ಎಸ್’ ಎಂದಿದೆ. ಮೆರೊಪೆನೆಮ್ ಬಳಕೆ ತಗ್ಗಿಸುವುದೊಂದೇ ಗುರಿಯಾಗಿದ್ದರೆ ಅದಕ್ಕೆ ಬದಲಿಸಬಹುದಿತ್ತು. ಆದರೆ ಸೆಫ್ಟ್ರಿಯಾಕ್ಸೋನ್‌ಗೆ ಮಣಿಯದ ಇ. ಕೋಲಿ ಅಥವಾ ಕ್ಲೆಬ್ಸಿಯೆಲ್ಲಾ ರಕ್ತದಲ್ಲಿದ್ದ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ‘ಎಸ್’ ಎಂದು ಬಂದಿದ್ದರೂ ಈ ಔಷಧ ಪಡೆದವರಲ್ಲಿ 30 ದಿನಗಳೊಳಗೆ ನೂರಕ್ಕೆ ಸುಮಾರು 12 ಮಂದಿ ತೀರಿಕೊಂಡರೆ, ಮೆರೊಪೆನೆಮ್ ಪಡೆದವರಲ್ಲಿ ಸುಮಾರು 4 ಮಂದಿ ತೀರಿಕೊಂಡರು. ಆದ್ದರಿಂದಲೇ ತಮ್ಮ ತಂದೆಯವರಿಗೆ ಮೆರೊಪೆನೆಮ್ ಮುಂದುವರಿಯಿತು. ರಿಪೋರ್ಟಿನ ಅಕ್ಷರವನ್ನು ಇದ್ದಂತೆಯೇ ಅನುಸರಿಸುವುದಕ್ಕೂ ಅದನ್ನು ವೈದ್ಯರೊಂದಿಗೆ ಕುಳಿತು ವಿಮರ್ಶಿಸುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಇದೇ ಸಂದರ್ಭದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ನಿವಾರಿಸಬೇಕು. ಪ್ರತಿ ಔಷಧದ ಮುಂದೆ ಒಂದು ಸಂಖ್ಯೆ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಪರೀಕ್ಷೆಯಲ್ಲಿ ಬೇಕಾದ ಔಷಧದ ಕನಿಷ್ಠ ಪ್ರಮಾಣ ಅದು. ತಮ್ಮ ರಕ್ತದ ರಿಪೋರ್ಟಿನಲ್ಲಿ ಮೆರೊಪೆನೆಮ್ ಮುಂದೆ 0.25, ಅಮಿಕಾಸಿನ್ ಮುಂದೆ 2 ಎಂದಿದೆ. ಸಂಖ್ಯೆ ಚಿಕ್ಕದಾದ ಔಷಧವೇ ಹೆಚ್ಚು ಪ್ರಬಲವೆಂದು ಅನೇಕರು ಭಾವಿಸುತ್ತಾರೆ. ಪ್ರತಿಯೊಂದು ಔಷಧಕ್ಕೂ ಅದರದೇ ಮಿತಿ ಇರುವುದರಿಂದ ಒಂದರ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಂದಿಗೆ ಹೋಲಿಸಲು ಬರುವುದಿಲ್ಲ.

ಐದನೆಯ ದಿನದ ಹೊತ್ತಿಗೆ ಜ್ವರ ಪೂರ್ತಿ ಬಿಟ್ಟು, ಊಟ ಸೇರತೊಡಗಿದಾಗ ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಬದಲಿಸಿದ್ದಾರೆ. ಸಿಪ್ರೊಫ್ಲಾಕ್ಸಾಸಿನ್ ಮುಂದೆ ‘ಆರ್’ ಇದ್ದುದರಿಂದ ‘ಎಸ್’ ಇದ್ದ ಕೋಟ್ರೈಮಾಕ್ಸಜೋಲ್ ಆಯ್ಕೆಯಾಗಿದೆ. ಇಲ್ಲಿಯೂ ಫಾರ್ಮಸಿಯ ಕಡೆಯಿಂದ ಒಂದು ಟಿಪ್ಪಣಿ ಹೋಗಿರುವುದು ಸಮ್ಮರಿಯಿಂದ ತಿಳಿಯುತ್ತದೆ. ತಮ್ಮ ತಂದೆಯವರು ಬಿಪಿಗೆಂದು ಟೆಲ್ಮಿಸಾರ್ಟನ್ ತೆಗೆದುಕೊಳ್ಳುತ್ತಾರೆ. ಈ ಎರಡು ಔಷಧಗಳು ಜೊತೆಯಾದರೆ, ಅದರಲ್ಲೂ ಕಿಡ್ನಿ ದುರ್ಬಲವಾಗಿರುವ ವಯಸ್ಸಾದವರಲ್ಲಿ, ರಕ್ತದ ಪೊಟ್ಯಾಸಿಯಂ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಆದ್ದರಿಂದ ಟೆಲ್ಮಿಸಾರ್ಟನ್ನನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಪೊಟ್ಯಾಸಿಯಂ ಪರೀಕ್ಷಿಸಿದ ಬಳಿಕವೇ ಮನೆಗೆ ಕಳುಹಿಸಿದ್ದಾರೆ. ಒಟ್ಟು ಏಳು ದಿನಗಳಿಗೆ ಆ್ಯಂಟಿಬಯಾಟಿಕ್ ಮುಗಿದಿದೆ. ಬಿಪಿ ಮಾತ್ರೆಯನ್ನು ಮತ್ತೆ ಆರಂಭಿಸುವ ಬಗ್ಗೆ ವೈದ್ಯರನ್ನು ಇನ್ನೂ ಕೇಳಿಲ್ಲದಿದ್ದರೆ ದಯವಿಟ್ಟು ಈ ವಾರವೇ ಕೇಳಿ. ಮುಂದೆ ಯಾವ ಆಸ್ಪತ್ರೆಗೆ ಹೋಗಬೇಕಾಗಿ ಬಂದರೂ ಈ ಎರಡೂ ಕಲ್ಚರ್ ರಿಪೋರ್ಟುಗಳನ್ನು ಜೊತೆಯಲ್ಲಿ ಒಯ್ಯಿರಿ. ಹೊಸ ಕಲ್ಚರ್ ಬರುವವರೆಗಿನ ಎರಡು ಮೂರು ದಿನ ಯಾವ ಔಷಧದಿಂದ ಆರಂಭಿಸಬೇಕೆಂಬುದನ್ನು ಅಲ್ಲಿನ ವೈದ್ಯರು ಇವುಗಳನ್ನು ನೋಡಿಯೇ ನಿರ್ಧರಿಸುತ್ತಾರೆ.