ಹಸಿರಾಗಿಯೇ ಬಾಡುವ ಗಿಡ: ಟೊಮೆಟೊ, ಬದನೆಯ ದುಂಡಾಣು ಸೊರಗು ರೋಗ

ಮಧ್ಯಾಹ್ನದ ಬಿಸಿಲಿಗೆ ತುದಿಯ ಎಲೆಗಳು ಜೋತು ಬೀಳುತ್ತವೆ, ಸಂಜೆ ತಂಪಾದಾಗ ಮತ್ತೆ ಎದ್ದು ನಿಲ್ಲುತ್ತವೆ. ನೀರು ಕಡಿಮೆಯಾಯಿತೆಂದುಕೊಂಡು ರೈತ ಇನ್ನಷ್ಟು ನೀರು ಬಿಡುತ್ತಾನೆ. ಎರಡು ಮೂರು ದಿನಗಳಲ್ಲಿ ಗಿಡ ಹಸಿರಾಗಿಯೇ ಕುಸಿಯುತ್ತದೆ. ಹಳದಿಯಾಗದೆ ಬಾಡುವುದೇ ಇಲ್ಲಿ ಮುಖ್ಯ ಸುಳಿವು. ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗವಾದರೆ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಅದೂ ಅನೇಕ ಸಲ ಗಿಡದ ಒಂದೇ ಮಗ್ಗುಲಲ್ಲಿ.

ಖಚಿತಪಡಿಸಿಕೊಳ್ಳಲು ಪ್ರಯೋಗಾಲಯವೇ ಬೇಕೆಂದಿಲ್ಲ. ಬಾಡಿದ ಗಿಡದ ಬುಡದಿಂದ ಬೆರಳುದ್ದದ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ಕತ್ತರಿಸಿದ ತುದಿಯಷ್ಟೇ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆಗಳು ಕೆಳಕ್ಕೆ ಇಳಿದರೆ ಅದು ರಾಲ್‌ಸ್ಟೋನಿಯಾ ದುಂಡಾಣು. ನನ್ನ ಮೊದಲ ಪ್ರಯತ್ನದಲ್ಲಿ ಏನೂ ಕಾಣಲಿಲ್ಲ; ಪೂರ್ತಿ ಒಣಗಿದ ಗಿಡ ತಂದಿದ್ದೆ. ಆಗಷ್ಟೇ ಬಾಡಿದ ಗಿಡ ಬೇಕು.

ಆ ಬಿಳಿ ಎಳೆಯೇ ರೋಗದ ಕಥೆ. ದುಂಡಾಣು ಬೇರಿನ ಗಾಯಗಳ ಮೂಲಕ ಒಳಹೋಗುತ್ತದೆ. ನಾಟಿಯಲ್ಲಿ ಹರಿದ ಬೇರು, ಕಳೆ ತೆಗೆಯುವಾಗ ಗುದ್ದಲಿ ತಾಗಿದ ಬೇರು, ಬೇರುಗಂಟು ಮಾಡುವ ಜಂತುಹುಳು ಕೊರೆದ ಬೇರು ಎಲ್ಲವೂ ಅದಕ್ಕೆ ಬಾಗಿಲು. ಒಳಗೆ ನೀರು ಸಾಗಿಸುವ ನಾಳಗಳಲ್ಲಿ ಹೆಚ್ಚಿ, ಲೋಳೆ ಸುರಿಸಿ, ನಾಳವನ್ನೇ ಕಟ್ಟಿಬಿಡುತ್ತದೆ. ಮಣ್ಣು ಎಷ್ಟೇ ತೇವವಿದ್ದರೂ ಗಿಡಕ್ಕೆ ನೀರು ಏರುವುದಿಲ್ಲ. ಎಲೆಯ ಮೇಲೆ ಸಿಂಪಡಿಸಿದ ಔಷಧಿ ಈ ನಾಳಗಳನ್ನು ತಲುಪದ ಕಾರಣ ಆ ಖರ್ಚು ವ್ಯರ್ಥ. ಸತ್ತ ಗಿಡದ ಬೇರಿನಿಂದ ದುಂಡಾಣು ಮತ್ತೆ ಮಣ್ಣಿಗೆ ಸುರಿಯುತ್ತದೆ, ಅಲ್ಲಿಂದ ಹರಿಯುವ ನೀರಿನೊಂದಿಗೆ ಹೊರಡುತ್ತದೆ.

ಕೋಲಾರದ ಕಡೆಯ ಅರ್ಧ ಎಕರೆ ಇಳಿಜಾರು ಹೊಲವೊಂದನ್ನು ಕಲ್ಪಿಸಿಕೊಳ್ಳಿ. ಮೇಲಿನ ಬದುವಿನಿಂದ ಕಾಲುವೆ ನೀರು ಬಂದು ಸಾಲುಗಳಿಗೆ ಹಂಚಿಕೆಯಾಗುತ್ತದೆ. ಏಪ್ರಿಲ್‌ನಲ್ಲಿ ಸಾಲಿನ ಬಾಯಲ್ಲಿ ನಾಲ್ಕು ಗಿಡ ಬಾಡುತ್ತವೆ. ಮುಂದಿನ ವಾರ ಅದೇ ಸಾಲಿನಲ್ಲಿ ಕೆಳಗೆ ಹತ್ತು ಗಿಡ ಬಾಡುತ್ತವೆ. ಪಕ್ಕದ ಸಾಲು ಚೆನ್ನಾಗಿಯೇ ಇರುತ್ತದೆ. ಬಾಡಿದ ಗಿಡಗಳ ನಕ್ಷೆ ಬರೆದರೆ ನೀರಿನ ದಾರಿ ಕಾಣುತ್ತದೆ. ಗಿಡ ಮೇಲಿನ ಬಾಯಿಂದಲೇ ಬಾಡಿದ್ದರೆ ರೋಗ ಮೇಲಿನ ಹೊಲದ ನೀರಿನಲ್ಲಿ ಬಂದಿರಬಹುದು. ಚದುರಿದಂತೆ ಅಲ್ಲಲ್ಲಿ ಬಾಡಿದ್ದರೆ ಸಸಿಗಳ ಮೇಲೆ ಅನುಮಾನಪಡಬೇಕು. ಹೀಗೆ ನಕ್ಷೆ ಬರೆಯುವುದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಮುಂದಿನ ಬೆಳೆಯ ತೀರ್ಮಾನ ಅದರ ಮೇಲೆಯೇ ನಿಂತಿದೆ. ಬಾಡಿದ ಗಿಡಗಳನ್ನು ಬೇರುಮಣ್ಣಿನ ಸಮೇತ ಕಿತ್ತು ಚೀಲದಲ್ಲಿ ಹೊರಗೆ ಒಯ್ದು ಸುಡಬೇಕು. ಕಾಲುವೆಗೆ ಎಸೆದರೆ ಕೆಳಗಿನ ಹೊಲಕ್ಕೆ ರೋಗ ಕಳುಹಿಸಿದಂತೆ.

ಈಗ ಬೆಳೆ ಬದಲಾವಣೆ. ಟೊಮೆಟೊ ಕಿತ್ತು ಬದನೆ ಹಾಕುವುದು ಬದಲಾವಣೆಯಲ್ಲ. ಮೆಣಸಿನಕಾಯಿ, ದಪ್ಪಮೆಣಸು, ಆಲೂಗಡ್ಡೆ ಎಲ್ಲವೂ ಒಂದೇ ಮನೆಯ ಮಕ್ಕಳು, ದುಂಡಾಣುವಿಗೆ ಊಟವೇ. ನೆಲಗಡಲೆ, ಶುಂಠಿ ಬೇರೆ ಕುಟುಂಬದವಾದರೂ ಇದಕ್ಕೆ ಆಶ್ರಯ ಕೊಡಬಲ್ಲವು, ಆದ್ದರಿಂದ ಅವೂ ಬೇಡ. ನಮ್ಮ ಹೊಲಕ್ಕೆ ಜೂನ್‌ನಲ್ಲಿ ರಾಗಿ, ನೀರಿದ್ದರೆ ಹಿಂಗಾರಿಗೆ ಈರುಳ್ಳಿ, ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ ಬಿಸಿಲಿಗೆ ಒಣಗಿಸುವುದು, ಮರುವರ್ಷ ಮುಸುಕಿನ ಜೋಳ, ಮೂರನೆಯ ವರ್ಷ ಮತ್ತೆ ರಾಗಿ ಸಾಕು. ಎರಡು ಮೂರು ವರ್ಷ ಆಶ್ರಯ ಸಿಗದೆ ಹೋದಾಗ ಮಣ್ಣಿನಲ್ಲಿ ದುಂಡಾಣುವಿನ ಸಂಖ್ಯೆ ಇಳಿಯುತ್ತದೆ, ಪೂರ್ತಿ ಅಳಿಯುವುದಿಲ್ಲ. ಗದ್ದೆಯಿರುವವರಿಗೆ ಭತ್ತ ಇನ್ನೂ ಒಳ್ಳೆಯದು. ತಿಂಗಳುಗಟ್ಟಲೆ ನೀರು ನಿಂತಾಗ ಮಣ್ಣಿನಲ್ಲಿ ಗಾಳಿ ಇಲ್ಲದಾಗಿ ಅದು ಕುಗ್ಗುತ್ತದೆ. ಹರಿಯುವ ನೀರು ರೋಗ ಹೊತ್ತು ತಂದರೆ, ನಿಂತ ನೀರು ಅದನ್ನೇ ಉಸಿರುಗಟ್ಟಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಸೋತವರ ಹೊಲದಲ್ಲಿ ಬದುವಿನ ಕಡೆ ನೋಡಿ. ಗಣಿಕೆ ಗಿಡ ಅಲ್ಲಿ ಹುಲುಸಾಗಿರುತ್ತದೆ. ಅದೂ ಬದನೆಯ ಬಳಗವೇ, ಬಾಡದೆಯೇ ಬೇರಿನಲ್ಲಿ ದುಂಡಾಣು ಇಟ್ಟುಕೊಂಡಿರಬಲ್ಲದು. ಹಳೆಯ ಹಣ್ಣುಗಳಿಂದ ತಾನಾಗಿ ಹುಟ್ಟಿದ ಟೊಮೆಟೊ ಗಿಡಗಳದ್ದೂ ಅದೇ ಕಥೆ. ರಾಗಿಯ ನಡುವೆ ಇವೆರಡು ಉಳಿದರೆ ಕಾಗದದ ಮೇಲೆ ಮಾತ್ರ ಬೆಳೆ ಬದಲಾಗಿದೆ. ಮೇಲಿನ ಹೊಲದ ನೀರು ಹಾಗೆಯೇ ಹರಿದು ಬರುತ್ತಿದ್ದರೂ ಅಷ್ಟೆ: ಬದುವಿನ ಮೇಲೊಂದು ತಿರುವುಗಾಲುವೆ ತೋಡಿ, ಒಳಗೆ ಹನಿ ನೀರಾವರಿಗೆ ಬದಲಾಗಬೇಕು.

ಟೊಮೆಟೊಗೆ ಮರಳುವ ಮುನ್ನ ನಾನು ಒಪ್ಪುವ ಪರೀಕ್ಷೆ ಇದು. ಮೊದಲು ಬಾಡಿದ ಜಾಗದಲ್ಲೇ ರೋಗಕ್ಕೆ ಬಗ್ಗುವ ಸಾಮಾನ್ಯ ತಳಿಯ ಐವತ್ತು ಸಸಿ ನೆಟ್ಟು ಆರೇಳು ವಾರ ಕಾಯಿರಿ. ಕೆಲವು ಬಾಡಿದರೆ ಇನ್ನೊಂದು ವರ್ಷ ರಾಗಿಯೇ ಗತಿ, ಇಲ್ಲವಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ರಕ್ಷಕದಂಥ ಸಹಿಷ್ಣು ತಳಿ. ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಮಾಡಬೇಡಿ. ಮಣ್ಣು ತಂಪಾಗಿರುವಾಗ ಸೋಂಕಿದ ಗಿಡವೂ ನೆಟ್ಟಗೆ ನಿಂತಿರುತ್ತದೆ. ಮಾರ್ಚಿಯಲ್ಲಿ ಬಿಸಿಲು ಏರಿದಾಗ ಅದೇ ಗಿಡ ಹಸಿರಾಗಿಯೇ ಬಾಡುತ್ತದೆ.