ಗಾಡಿಯ ಆ ಮೊಳೆಗೆ ಏನಂತಾರೆ? ಅರ್ಥ ಹಿಡಿದು ಪದ ಹುಡುಕುವ ಹಳೇ ದಾರಿ, ಹೊಸ ದಾರಿ

ಚನ್ನರಾಯಪಟ್ಟಣ, ಅರಸೀಕೆರೆ ಕಡೆಯ ಹಟ್ಟಿಗಳಲ್ಲಿ ಹಳೇ ಮರದ ಗಾಲಿಗಳು ಇನ್ನೂ ಗೋಡೆಗೆ ಒರಗಿಕೊಂಡಿರುತ್ತವೆ. ಗಾಲಿ ಇದೆ, ಅಚ್ಚೂ ಇದೆ. ಅಚ್ಚಿನ ತುದಿಯ ತೂತಿಗೆ ಹಾಕುತ್ತಿದ್ದ ಕಬ್ಬಿಣದ ಮೊಳೆಯ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಟೈರಿನ ಗಾಡಿ ಬಂದ ಮೇಲೆ ಬೇರಿಂಗೂ ನಟ್ಟೂ ಗಾಲಿಯನ್ನು ಹಿಡಿದುಕೊಂಡವು, ಮೊಳೆಗೆ ಕೆಲಸ ಉಳಿಯಲಿಲ್ಲ. ಕೆಲಸ ಹೋದ ವಸ್ತುವಿನ ಹೆಸರು ಒಂದೆರಡು ತಲೆಮಾರಿನಲ್ಲಿ ಮಸುಕಾಗುತ್ತದೆ. ಅದರ ಅರ್ಥವೆಲ್ಲ ಗೊತ್ತು: ಗಾಲಿ ಕಳಚಿ ಬೀಳದ ಹಾಗೆ ತಡೆಯುವುದು. 'ಕ' ಅಕ್ಷರದಿಂದ ಶುರುವಾಗುತ್ತದೆ ಎಂಬ ನೆನಪೂ ಇರಬಹುದು. ಪದ ಮಾತ್ರ ಇಲ್ಲ.

ಈ ಸ್ಥಿತಿಯಲ್ಲಿ ನಿಘಂಟು ತೆರೆದರೆ ಪ್ರಯೋಜನವಿಲ್ಲ. ಪದ ಗೊತ್ತಿದ್ದವರಿಗೆ ಅರ್ಥ ಹೇಳುವುದು ಅದರ ಕೆಲಸ. ಇಲ್ಲಿ ಬೇಕಿರುವುದು ಅರ್ಥ ಕೊಟ್ಟರೆ ಪದ ಹೇಳುವ ತಿರುವು ನಿಘಂಟು. ಅದು ಕಂಪ್ಯೂಟರ್ ಕಾಲದ ಹೊಸ ಕಲ್ಪನೆ ಎಂದು ಹಲವರು ತಿಳಿದಿದ್ದಾರೆ. ನಮ್ಮಲ್ಲಿ ಕೋಶಗಳು ಹುಟ್ಟಿದ್ದೇ ಆ ಕ್ರಮದಲ್ಲಿ.

ಅಮರಸಿಂಹನ ಕೋಶವನ್ನೇ ನೋಡಿ. ಸುಮಾರು 1500 ಶ್ಲೋಕ, ಮೂರು ಕಾಂಡ. ಒಳಗೆ ಅಕಾರಾದಿ ಇಲ್ಲ, ವರ್ಗಗಳಿವೆ: ಸ್ವರ್ಗ, ಭೂಮಿ, ಪುರ, ಶೈಲ, ವನೌಷಧಿ, ಮನುಷ್ಯ ಹೀಗೆ. ಬೇಕಾದ ವಸ್ತು ಯಾವ ಗುಂಪಿನದು ಎಂದು ಗೊತ್ತಿದ್ದರೆ ಆ ವರ್ಗಕ್ಕೆ ಹೋಗಿ, ಅಕ್ಕಪಕ್ಕದ ವಸ್ತುಗಳನ್ನು ದಾಟುತ್ತ ಪದವನ್ನು ಮುಟ್ಟಬಹುದು. ನಮ್ಮ ಮೊಳೆ ಅಲ್ಲಿದೆ. ಅಚ್ಚಿನ ತುದಿಯ ಕೀಲಕ್ಕೆ 'ಅಣಿ' ಎಂದು ಹೆಸರು ಎನ್ನುತ್ತದೆ ಕೋಶ. ಅರ್ಥ ಮೊದಲು, ಪದ ಆಮೇಲೆ.

ಆದರೆ ಅದು ಸಿಗುವುದು ಎಲ್ಲಿ? ನೇಗಿಲು, ಉಳುಮೆಯ ಪದಗಳು ವೈಶ್ಯವರ್ಗದಲ್ಲಿವೆ. ರೈತನ ಗಾಡಿಯ ಮೊಳೆ ಹುಡುಕುವವರು ಸಹಜವಾಗಿ ಅಲ್ಲಿಗೇ ಹೋಗುತ್ತಾರೆ, ಬರಿಗೈಯಲ್ಲಿ ಬರುತ್ತಾರೆ. ಏಕೆಂದರೆ ಗಾಲಿ, ಅಚ್ಚು, ಅಣಿ ಎಲ್ಲವೂ ಕ್ಷತ್ರಿಯವರ್ಗದಲ್ಲಿ ರಥದ ಅಂಗಗಳಾಗಿ ಕೂತಿವೆ. ವರ್ಗ ಮಾಡಿದವನ ಲೋಕದಲ್ಲಿ ಗಾಲಿ ಮೊದಲು ರಾಜನದು. ಅರ್ಥದಿಂದ ಹುಡುಕುವ ಪ್ರತಿಯೊಂದು ವ್ಯವಸ್ಥೆಯ ತೊಡಕೂ ಇದೇ: ನಿಮ್ಮ ವಿಂಗಡಣೆಯೂ ಕೋಶಕಾರನ ವಿಂಗಡಣೆಯೂ ಒಂದೇ ಆಗಿರಬೇಕು.

ಹಿಂದಿನವರಿಗೆ ಇದು ಅಷ್ಟಾಗಿ ಕಾಡಲಿಲ್ಲ, ಅವರಿಗೆ ಕೋಶ ಕಂಠಪಾಠವಾಗಿತ್ತು. ಛಂದಸ್ಸಿನಲ್ಲಿದ್ದ ಕೋಶಕ್ಕೆ ನೆನಪೇ ಸೂಚಿ. ಕನ್ನಡದಲ್ಲೂ ನಾಗವರ್ಮನ ವಸ್ತುಕೋಶ, 1398ರ ಮಂಗರಾಜನ ನಿಘಂಟು ಪದ್ಯದಲ್ಲೇ ಇವೆ. 1852ರಲ್ಲಿ ಇಂಗ್ಲಿಷಿನ ರೋಜೆ ಸುಮಾರು ಸಾವಿರ ಪರಿಕಲ್ಪನೆಗಳ ಕ್ರಮದಲ್ಲಿ ಪದಗಳನ್ನು ಜೋಡಿಸಿದಾಗ ಅವನ ಓದುಗರಿಗೆ ಕಂಠಪಾಠ ಇರಲಿಲ್ಲ. ಹಾಗಾಗಿ ಪುಸ್ತಕದ ಕೊನೆಗೆ ಅಕ್ಷರಸೂಚಿ ಕೊಟ್ಟ. ನಮ್ಮ ಪದ್ಯಕೋಶಗಳಿಗೆ ಅಂಥ ಸೂಚಿಯನ್ನು ಕಾಲಕ್ಕೆ ಸರಿಯಾಗಿ ಕಟ್ಟಿ ಜನರ ಕೈಗಿಡುವ ಕೆಲಸ ಆಗಲಿಲ್ಲ. ಕಂಠಪಾಠ ನಿಂತಿತು, ಬಾಗಿಲೂ ಮುಚ್ಚಿತು.

ಪದ್ಯಕೋಶಗಳ ನಂತರ ಕನ್ನಡಕ್ಕೆ ಬಂದವು 1832ರ ರೀವ್ ಕೋಶ, 1894ರ ಕಿಟೆಲ್ ಕೋಶ, ಎಂಟು ಸಂಪುಟಗಳಾಗಿ 1995ರಲ್ಲಿ ಮುಗಿದ ಸಾಹಿತ್ಯ ಪರಿಷತ್ತಿನ ನಿಘಂಟು: ಎಲ್ಲವೂ ಅಕಾರಾದಿ. ಪದಗಳು ಬೆಟ್ಟದಷ್ಟು ಸೇರಿದವು. ಆದರೆ ಗಾಲಿ ಗ-ದಲ್ಲಿ, ಅಚ್ಚು ಅ-ದಲ್ಲಿ, ಮೊಳೆ ಇನ್ನೆಲ್ಲೋ. ಒಟ್ಟಿಗೆ ಬದುಕಿದ ಪದಗಳು ಪುಸ್ತಕದಲ್ಲಿ ಬೇರೆ ಬೇರೆ ಊರಿನವಾದವು.

ಇನ್ನು ನಾಲಿಗೆ ತುದಿಗೆ ಬಂದು ನಿಂತ ಪದದ ವಿಷಯ. ಇದನ್ನು ಮೊದಲು ಅಳತೆಗೆ ಹಚ್ಚಿದವರು ರೋಜರ್ ಬ್ರೌನ್ ಮತ್ತು ಡೇವಿಡ್ ಮ್ಯಾಕ್‌ನೀಲ್, 1966ರ ಹಾರ್ವರ್ಡ್ ಪ್ರಯೋಗದಲ್ಲಿ. ವಿದ್ಯಾರ್ಥಿಗಳಿಗೆ 49 ಅಪರೂಪದ ಪದಗಳ ಅರ್ಥವನ್ನು ಮಾತ್ರ ಓದಿ ಹೇಳಿದರು. ಪದ ಬಾರದೆ ಒದ್ದಾಡುವಾಗಲೂ ಮೊದಲ ಅಕ್ಷರವನ್ನು ನೂರಕ್ಕೆ 57 ಸಲ ಸರಿಯಾಗಿ ಹೇಳಿದರು. ಎಷ್ಟು ಉಚ್ಚಾರಾಂಶ ಎಂಬ ಅಂದಾಜೂ ಬಹಳ ಸಲ ಸರಿ ಇತ್ತು. ತಪ್ಪಾಗಿ ಬಂದ ಪದಗಳು ಎರಡು ಬಗೆಯವು. ಕೆಲವು ಅರ್ಥದಲ್ಲಿ ನೆಂಟರು, ಕೆಲವು ಸದ್ದಿನಲ್ಲಿ ನೆಂಟರು.

ನಮ್ಮ ಮೊಳೆಗೂ ಹಾಗೇ ಆಗುತ್ತದೆ. ಅರ್ಥದ ಕಡೆಯಿಂದ 'ಗೂಟ', 'ಕೀಲಿ', 'ಬೆಣೆ' ಬರುತ್ತವೆ. ಸದ್ದಿನ ಕಡೆಯಿಂದ 'ಕಡಿವಾಣ', 'ಕಡೆಗೋಲು' ಬರುತ್ತವೆ. ಒಂದು ಕುದುರೆ ಬಾಯಿಗೆ, ಇನ್ನೊಂದು ಮಜ್ಜಿಗೆ ಕಡೆಯಲು. ಇಂಥ ಪದ ನುಗ್ಗಿದಾಗ 'ಇದಲ್ಲ' ಎಂದು ದೂಡಿಬಿಡುತ್ತೇವೆ. ಹಾಗೆ ಮಾಡಬಾರದು, ಬರೆದಿಟ್ಟುಕೊಳ್ಳಬೇಕು. ಎರಡೂ ಸದ್ದುಗಳು ಸೇರಿ 'ಕಡ' ಎಂಬ ಆರಂಭವನ್ನು ತೋರಿಸುತ್ತಿವೆ. ಅದು ಅಕಾರಾದಿ ಕೋಶದಲ್ಲಿ ಹುಡುಕಲು ಕೆಲವೇ ಪುಟಗಳ ವಿಸ್ತಾರ.

ಈಗ ಅರ್ಥವನ್ನು ಹುಡುಕಲು ಬರುವ ಹಾಗೆ ಬರೆಯಬೇಕು. ಹೆಚ್ಚು ಕೆಡುವುದು ಇಲ್ಲೇ. 'ಗಾಡಿಗೆ ಹಾಕೋದು, ಅಜ್ಜನ ಕಾಲದ್ದು' ಎಂದರೆ ಏನೂ ಸಿಗುವುದಿಲ್ಲ. ಮೊದಲು ಅದು ಯಾವ ಜಾತಿಯ ವಸ್ತು ಎಂದು ಹೇಳಬೇಕು: ಮೊಳೆ. ಆಮೇಲೆ ಎಲ್ಲಿರುತ್ತದೆ: ಅಚ್ಚಿನ ತುದಿಯಲ್ಲಿ, ಗಾಲಿಯ ಹೊರಗೆ. ಕೊನೆಗೆ ಅದಿಲ್ಲದಿದ್ದರೆ ಏನಾಗುತ್ತದೆ: ಗಾಲಿ ಜಾರಿ ಕಳಚುತ್ತದೆ. ಪ್ರತಿಯೊಂದು ಮುಖ್ಯ ಪದಕ್ಕೂ ಜೊತೆಯ ಪದ ಬರೆದುಕೊಳ್ಳಬೇಕು. ಗಾಲಿ ಎಂದರೆ ಚಕ್ರ, ಗಾಡಿ ಎಂದರೆ ಬಂಡಿ, ಅಚ್ಚು ಎಂದರೆ ಇರಚಿ, ಮೊಳೆ ಎಂದರೆ ಆಣಿ ಅಥವಾ ಕೀಲು. ಕೋಶದವರು 'ಬಂಡಿಯ ಗಾಲಿ' ಎಂದು ಬರೆದಿದ್ದರೆ 'ಗಾಡಿ ಚಕ್ರ' ಎಂದು ಹುಡುಕಿದವರಿಗೆ ಆ ಸಾಲು ಎಂದೂ ಕಾಣಿಸುವುದಿಲ್ಲ.

ಕನ್ನಡದ ವಿಭಕ್ತಿ ಇನ್ನೊಂದು ತೊಡಕು. 'ಗಾಲಿ' ಎಂದು ಹುಡುಕಿದರೆ 'ಗಾಲಿಯ', 'ಗಾಲಿಯನ್ನು' ಎರಡೂ ಸಿಗುತ್ತವೆ. 'ಅಚ್ಚು' ಎಂದು ಹುಡುಕಿದರೆ 'ಅಚ್ಚಿನ' ಸಿಗುವುದಿಲ್ಲ, ಕೊನೆಯ ಉಕಾರ ಅಲ್ಲಿ ಬಿದ್ದುಹೋಗಿದೆ. ಉಕಾರಾಂತ ಪದಗಳಲ್ಲಿ ಕೊನೆಯ ಕೊಂಬನ್ನು ತೆಗೆದು 'ಅಚ್ಚ' ಎಂದಷ್ಟೇ ಕೊಡಬೇಕು. ಆಗ 'ಅಚ್ಚರಿ'ಯೂ ಬರುತ್ತದೆ, ಅದನ್ನು ಕಣ್ಣಲ್ಲೇ ಬಿಟ್ಟು ಮುಂದೆ ಹೋಗಬಹುದು.

ಇಂಗ್ಲಿಷ್ ಅರ್ಥವಿರುವ ಕೋಶಗಳು ಇನ್ನೊಂದು ದಾರಿ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕಟ್ಟಿದ 'ಅಲರ್' ಕೋಶ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು, ಅವಕ್ಕೆ ಇಂಗ್ಲಿಷ್ ಅರ್ಥಗಳು. ಅದರ ದತ್ತಾಂಶ ಕಡತವನ್ನೇ ಇಳಿಸಿಕೊಂಡು ಅರ್ಥದ ಸಾಲುಗಳಲ್ಲಿ ಹುಡುಕಿದರೆ ಅದೇ ತಿರುವು ನಿಘಂಟು. ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಕೊಡಬೇಕಾದ ಆಜ್ಞೆ ಇದು:

```
grep -iE -B12 "l[iy]nch.?pin|axle" alar.yml | grep "entry:"
```

ಇದು ಅರ್ಥದಲ್ಲಿ ಆ ಇಂಗ್ಲಿಷ್ ಪದಗಳಿರುವ ಸಾಲು ಹುಡುಕಿ, ಅದರ ಹಿಂದಿನ ಹನ್ನೆರಡು ಸಾಲುಗಳಿಂದ ಕನ್ನಡ ಪದವನ್ನೂ ಅರ್ಥವನ್ನೂ ಎತ್ತಿ ತೋರಿಸುತ್ತದೆ. ಒಂದೇ ಪದಕ್ಕೆ ಹಲವು ಅರ್ಥಗಳಿದ್ದರೆ ಮೂಲಪದ ಹನ್ನೆರಡು ಸಾಲಿಗಿಂತ ಮೇಲೆ ಉಳಿದುಬಿಡುತ್ತದೆ. ಅರ್ಥ ಕಂಡು ಪದ ಕಾಣದಿದ್ದರೆ ಕಾರಣ ಅದೇ, 12ರ ಜಾಗದಲ್ಲಿ 30 ಹಾಕಬೇಕು. `l[iy]nch.?pin` ಎಂದು ಸುತ್ತಿ ಬರೆದಿರುವುದು ಈ ಮೊಳೆಯ ಇಂಗ್ಲಿಷ್ ಹೆಸರಿಗೆ ಹಲವು ಕಾಗುಣಿತಗಳಿರುವುದರಿಂದ: ಕೂಡಿಸಿ, ನಡುವೆ ಗೆರೆ ಹಾಕಿ, ಬಿಡಿಸಿ. ಆ ಹೆಸರೇ ಗೊತ್ತಿಲ್ಲದವರಿಗಾಗಿ ಅಚ್ಚಿನ ಇಂಗ್ಲಿಷ್ ಪದವನ್ನೂ ಜೊತೆಗಿಟ್ಟಿದೆ. ಅದರಿಂದ ಫಲಿತಾಂಶ ಉದ್ದವಾಗುತ್ತದೆ, ಆದರೆ ಗಾಡಿಯ ಪದಗಳೆಲ್ಲ ಮತ್ತೆ ಒಂದೇ ಕಡೆ ಸೇರುತ್ತವೆ. ಹಳೆಯ ವರ್ಗ ತಾನಾಗಿ ಮರಳಿ ಬಂದಂತೆ.

ಎರಡೂ ದಾರಿ ತಲುಪುವುದು ಒಂದೇ ಕಡೆಗೆ: ಕಡಾಣಿ. ಕಡೆಯ ಆಣಿ, ಅಂದರೆ ತುದಿಯ ಮೊಳೆ. ತಮಿಳಿನಲ್ಲೂ ಇದೇ ಕಟ್ಟಿನ ಪದವಿದೆ, ಕಡೈಯಾಣಿ. ಇಲ್ಲಿಗೇ ನಿಲ್ಲಿಸಬಾರದು, ಸಿಕ್ಕ ಪದವನ್ನು ಈಗ ನೇರವಾಗಿ ಕೋಶದಲ್ಲಿ ನೋಡಿ ಬರೆದಿಟ್ಟ ಅರ್ಥಕ್ಕೆ ಹೊಂದುತ್ತದೆಯೇ ಎಂದು ತಾಳೆ ಹಾಕಬೇಕು. ಬರೀ 'ಆಣಿ' ಎಂದು ನೋಡಿದವರಿಗೆ ಅಂಗಾಲಿನಲ್ಲಿ ಏಳುವ ಗಂಟೂ ಎದುರಾಗುತ್ತದೆ.

ಒಂದು ಅರ್ಥಕ್ಕೆ ಒಂದೇ ಪದ ಎಂದುಕೊಂಡರೂ ತಪ್ಪಾಗುತ್ತದೆ. ಜೇಡರ ದಾಸಿಮಯ್ಯನ ವಚನದಲ್ಲಿ ಬಂಡಿಗೆ ಆಧಾರವಾದ ಇದೇ ಮೊಳೆ 'ಕಡೆಗೀಲು'. ಕಡೆ ಮತ್ತು ಕೀಲು ಸೇರುವಾಗ ಕಕಾರ ಗಕಾರವಾಗಿದೆ. ಹಾಗಾಗಿ ಮೂಲಪದಗಳಲ್ಲಿ 'ಕೀಲು' ಎಂದು ಹುಡುಕುವವರಿಗೆ ಇದು ತಪ್ಪಿಹೋಗುತ್ತದೆ. ಸಮಾಸದ ಎರಡನೆಯ ಪದ ಹುಡುಕುವಾಗ ಕ-ಗ, ತ-ದ, ಪ-ಬ ಎರಡೂ ರೂಪ ಪ್ರಯತ್ನಿಸಬೇಕು. ಇನ್ನೊಂದು ಗಮನಿಸಿ: ನಾಲಿಗೆಗೆ ಮೊದಲು ಬಂದ 'ಕಡೆಗೋಲು' ಈ ಪದದಿಂದ ಒಂದೇ ಒಂದು ಸ್ವರದಷ್ಟು ದೂರದಲ್ಲಿತ್ತು.

ಕೋಶದಲ್ಲಿ ಇಲ್ಲದ ಪದಗಳಿಗೆ ಜನರನ್ನೇ ಕೇಳಬೇಕು. ಹಾಸನ ಜಿಲ್ಲೆಯ ಬಯಲು ಮತ್ತು ಮಲೆನಾಡು ಎರಡು ಪದಲೋಕ. ಗಾಡಿಯ ಪದ ಬೂಕನಬೆಟ್ಟದ ದನಗಳ ಜಾತ್ರೆಯ ಕಡೆ ಸಿಗುತ್ತದೆ, ಸಕಲೇಶಪುರದ ಕಡೆ ಗದ್ದೆ, ಮಳೆ, ಅಡಿಕೆಯ ಪದಗಳು. ಕೇಳುವಾಗ 'ಇದು ಕೀಲಿ ಅಲ್ವಾ ಅಜ್ಜಾ?' ಎಂದು ಊಹೆಯ ಪದ ಕೊಡಬಾರದು. ಅವರ ನಾಲಿಗೆಗೂ ಅದೇ ಅಡ್ಡ ನಿಲ್ಲುತ್ತದೆ. ಗಾಲಿಯ ಮುಂದೆ ನಿಂತು ತೂತನ್ನು ತೋರಿಸಿ, 'ಇಲ್ಲಿಗೆ ಏನು ಹಾಕ್ತಿದ್ರಿ?' ಎಂದು ಕೇಳಿದರೆ ಸಾಕು. ಹಾಕುವ ಕೈಯಾಡಿಕೆಯ ಜೊತೆಗೇ ಹೆಸರು ಬರುವುದುಂಟು.

ಹಾಗೆ ಸಿಕ್ಕ ಪದವನ್ನು ಚೀಟಿಯಲ್ಲಿ ಬರೆದಿಡುವವರು ಬಹಳ ಜನರಿದ್ದಾರೆ. ಆದರೆ 'ಗೊರಬು: ಮಳೆಗಾಲದ ವಸ್ತು' ಎಂದಷ್ಟೇ ಬರೆದರೆ ಅದನ್ನು ಅರ್ಥದಿಂದ ಯಾರೂ ಮರಳಿ ಹುಡುಕಲಾರರು. ಜಾತಿ, ಜಾಗ, ಕೆಲಸ, ಜೊತೆಯ ಪದಗಳು, ಊರು ಇಷ್ಟಿದ್ದರೆ ಎರಡು ಸಾಲೇ ಸಾಕು:

ಕಡಾಣಿ: ಎತ್ತಿನ ಗಾಡಿಯ (ಬಂಡಿಯ) ಗಾಲಿ (ಚಕ್ರ) ಜಾರಿ ಕಳಚದಂತೆ ಅಚ್ಚಿನ (ಇರಚಿಯ) ತುದಿಯ ತೂತಿಗೆ ಹಾಕುವ ಕಬ್ಬಿಣದ ಮೊಳೆ (ಆಣಿ, ಕೀಲು). ಕಡೆಗೀಲು ಎಂದೂ ಹೆಸರು. ಟೈರಿನ ಗಾಡಿಗೆ ಇರುವುದಿಲ್ಲ. ಕೇಳಿದ ಊರು, ಹೋಬಳಿ, ವರ್ಷ.