ಮಣ್ಣಿನ ಬೊಂಬೆ ಮಿಣುಕುವುದೇಕೆ? ಸ್ಟಾಪ್ ಮೋಷನ್‌ನ ಹಳೇ ಕಾಟ ಫೋನಿಗೆ ಬಂದ ಬಗೆ

ಫೋನ್ ಮತ್ತು ಕ್ಲೇ ಹಿಡಿದು, ಬೊಂಬೆಯನ್ನು ಚೂರು ಚೂರೇ ಸರಿಸಿ ಒಂದೊಂದೇ ಫೋಟೊ ತೆಗೆದು ಓಡಿಸುವ ಸ್ಟಾಪ್ ಮೋಷನ್ ಮಾಡಲು ಕೂತವರಿಗೆ ಮೊದಲು ಕಾಟ ಕೊಡುವುದು ಬೊಂಬೆಯಲ್ಲ, ಬೆಳಕು. ಬೊಂಬೆ ಸರಿಯಾಗೇ ನಡೆಯುತ್ತಿರುತ್ತದೆ, ಆದರೆ ಹಿಂದಿನ ಗೋಡೆ ಒಂದು ಫ್ರೇಮ್‌ನಲ್ಲಿ ಬೆಳ್ಳಗೆ, ಮುಂದಿನದರಲ್ಲಿ ಮಬ್ಬು. ಇದೇ ಫ್ಲಿಕರ್. ಪರಿಹಾರ ಕೇಳಿದರೆ ಒಬ್ಬರು ಬಲ್ಬ್ ಬದಲಾಯಿಸಿ ಅನ್ನುತ್ತಾರೆ, ಇನ್ನೊಬ್ಬರು ಹಳೇ ಮ್ಯಾನ್ಯುವಲ್ ಲೆನ್ಸ್ ಹಾಕಿ ಅನ್ನುತ್ತಾರೆ, ಮತ್ತೊಬ್ಬರು ಸೆಕೆಂಡಿಗೆ 24 ಫೋಟೊ ತೆಗೆಯಿರಿ ಅನ್ನುತ್ತಾರೆ. ಈ ಸಲಹೆಗಳು ಬೇರೆ ಬೇರೆ ಕಾಲದವು. ಆಯಾ ಕಾಲದ ಕ್ಯಾಮೆರಾಗೆ ಅವು ಸರಿಯಾಗೇ ಇದ್ದವು. ಎಲ್ಲವನ್ನೂ ಒಟ್ಟಿಗೆ ಇವತ್ತಿನ ಫೋನಿಗೆ ಹೇರಿದಾಗ ಗೊಂದಲ ಶುರುವಾಗುತ್ತದೆ.

ಒಣಗದ ಎಣ್ಣೆ ಕ್ಲೇ, ಅಂದರೆ ಪ್ಲಾಸ್ಟಿಸಿನ್, 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ವಿಲಿಯಂ ಹಾರ್ಬಟ್ ಅವರಿಂದ ಬಂತು. 1933ರ 'ಕಿಂಗ್ ಕಾಂಗ್' ನೋಡಿದರೆ ದೈತ್ಯ ಕೋತಿಯ ತುಪ್ಪಳ ಗಾಳಿ ಇಲ್ಲದೆಯೂ ಅಲುಗಾಡುತ್ತದೆ. ಪ್ರತಿ ಫ್ರೇಮ್‌ಗೂ ಬೊಂಬೆ ಮುಟ್ಟಿದವರ ಬೆರಳಿನ ಗುರುತು ಅದು. 1977ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಆರ್ಡ್‌ಮನ್ ಎಂಬ ಅನಿಮೇಷನ್ ಸ್ಟುಡಿಯೊದ ಮಾರ್ಫ್ ಎಂಬ ಪುಟ್ಟ ಕ್ಲೇ ಬೊಂಬೆ ಕಾಣಿಸಿಕೊಂಡಿತು. ಆ ಫಿಲಂ ದಿನಗಳಲ್ಲಿ ಫ್ಲಿಕರ್ ಬಂದರೆ ಬೆಳಕನ್ನೇ ಹಿಡಿದು ಕೇಳಬೇಕಿತ್ತು. ವೋಲ್ಟೇಜ್ ಏರಿಳಿದರೆ ಹಳೇ ತಂತಿ ಬಲ್ಬಿನ ಬೆಳಕು ಅದಕ್ಕಿಂತ ಜಾಸ್ತಿ ಏರಿಳಿಯುತ್ತದೆ. ಫಿಲಂ ಲ್ಯಾಬಿನಿಂದ ತೊಳೆದು ಬರುವ ತನಕ ತಪ್ಪು ಕಾಣುತ್ತಲೂ ಇರಲಿಲ್ಲ.

2005ರ 'ಕಾರ್ಪ್ಸ್ ಬ್ರೈಡ್' ಸಿನಿಮಾ ಹೊತ್ತಿಗೆ ಪರಿಸ್ಥಿತಿ ಬದಲಾಯಿತು. ಆ ಸಿನಿಮಾವನ್ನು ಡಿಜಿಟಲ್ ಸ್ಟಿಲ್ ಕ್ಯಾಮೆರಾಗಳಲ್ಲಿ ತೆಗೆದರು, ಕ್ಯಾನನ್ ಕ್ಯಾಮೆರಾ, ಅದಕ್ಕೆ ನಿಕಾನ್ ಲೆನ್ಸ್. ಆಗಿನಿಂದ ಹೊಸ ಬಗೆಯ ಫ್ಲಿಕರ್ ಎಲ್ಲರ ತಲೆ ತಿಂದಿತು. ಸ್ಟಿಲ್ ಕ್ಯಾಮೆರಾದ ಆಟೊ ಲೆನ್ಸ್ ಪ್ರತಿ ಫೋಟೊಗೂ ತನ್ನ ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ಕಿರಿದು ಮಾಡಿ ತೆರೆಯುತ್ತದೆ, ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತದೆ. ಒಂದು ಫೋಟೊದಲ್ಲಿ ಅದು ಗೊತ್ತೇ ಆಗುವುದಿಲ್ಲ, ನೂರು ಫೋಟೊ ಓಡಿಸಿದರೆ ಕಣ್ಣಿಗೆ ಹೊಡೆಯುತ್ತದೆ. ಮ್ಯಾನ್ಯುವಲ್ ಲೆನ್ಸಿನ ಸಲಹೆ ಹುಟ್ಟಿದ್ದು ಇಲ್ಲಿ.

2010ರಲ್ಲಿ ಆರ್ಡ್‌ಮನ್‌ನವರೇ ನೋಕಿಯಾ N8 ಫೋನಿಗೆ ಸೂಕ್ಷ್ಮದರ್ಶಕ ಜೋಡಿಸಿ, ಕೇವಲ 9 ಮಿಲಿಮೀಟರ್ ಎತ್ತರದ ಬೊಂಬೆಯ 'ಡಾಟ್' ಎಂಬ ಕಿರುಚಿತ್ರ ತೆಗೆದರು. ಫೋನಿನಲ್ಲೂ ಆಗುತ್ತದೆ ಅನ್ನುವುದಕ್ಕೆ ಇನ್ನೇನು ಬೇಕು? ಬಹಳಷ್ಟು ಫೋನ್‌ಗಳ ಲೆನ್ಸಿನಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ. ಆ ಹಳೇ ಕಾಟ ಅಲ್ಲಿಗೆ ಮುಗಿಯಿತು, ಅಲ್ವಾ? ಮುಗಿಯಿತು, ಆದರೆ ಅದರ ಜಾಗಕ್ಕೆ ಬೇರೊಂದು ಬಂತು.

ಫೋನ್ ಕ್ಯಾಮೆರಾ ತಯಾರಾಗಿರುವುದು ಒಂದೊಂದು ಫೋಟೊವನ್ನೂ ಬೇರೆಯಾಗಿ ಚಂದ ಮಾಡಲು. ಪ್ರತಿ ಸಲ ಎಕ್ಸ್‌ಪೋಷರ್, ಬಣ್ಣ, ಫೋಕಸ್ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕುತ್ತದೆ. ನೀವು ಬೊಂಬೆಯ ಕೆಂಪು ಕೈಯನ್ನು ಸ್ವಲ್ಪ ಎತ್ತಿದರೆ ಸಾಕು, ಅದರ ಲೆಕ್ಕ ಬದಲಾಗಿ ಇಡೀ ಗೋಡೆ ನೀಲಿಗೆ ವಾಲುತ್ತದೆ. ನನ್ನ ಮಟ್ಟಿಗೆ ಇವತ್ತಿನ ಫ್ಲಿಕರ್‌ನ ದೊಡ್ಡ ಪಾಲು ಇದೇ, ಬಲ್ಬಿನದಲ್ಲ. 'ನಿಮ್ಮ ಫೋನ್ ಚೀಪು, ಅದಕ್ಕೇ ಹೀಗೆ' ಅಂತ ಹೊಸಬರಿಗೆ ಹೇಳುವುದು ಸರಿಯಲ್ಲ. ದುಬಾರಿ ಫೋನ್ ಇನ್ನೂ ಜಾಸ್ತಿ ಜಾಣತನ ತೋರಿಸುತ್ತದೆ. ಕೆಲವು ಐಫೋನ್‌ಗಳು ವಸ್ತು ಹತ್ತಿರ ಬಂದರೆ ತಾವಾಗೇ ಬೇರೆ ಲೆನ್ಸಿಗೆ ಹಾರುತ್ತವೆ, ಚೌಕಟ್ಟೇ ಜಿಗಿದಂತೆ ಕಾಣುತ್ತದೆ.

ಹಾಗಾಗಿ ಮೊದಲ ಕೆಲಸ ಲಾಕ್ ಮಾಡುವುದು. ಐಫೋನಿನಲ್ಲಿ ಬೊಂಬೆಯ ಮೇಲೆ ಬೆರಳು ಒತ್ತಿ ಹಿಡಿದರೆ AE/AF LOCK ಎಂದು ಬರುತ್ತದೆ. ಆದರೆ ಬಣ್ಣವನ್ನೂ ನಮ್ಮ ಕೈಗೆ ಕೊಡುವ ಸ್ಟಾಪ್ ಮೋಷನ್ ಆ್ಯಪ್ ಬಳಸುವುದು ಇನ್ನೂ ಒಳ್ಳೆಯದು. ಆಂಡ್ರಾಯ್ಡ್‌ನಲ್ಲಿ Pro ಮೋಡ್ ಇದ್ದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ISO, ಬೆಳಕು ಒಳಗೆ ಬರುವ ಹೊತ್ತು ಹೇಳುವ ಶಟರ್, ಬಣ್ಣದ ಹದ ಹಿಡಿಯುವ ವೈಟ್ ಬ್ಯಾಲೆನ್ಸ್, ಫೋಕಸ್ ನಾಲ್ಕನ್ನೂ ಕೈಯಾರೆ ಇಡಿ. HDR, ನೈಟ್ ಮೋಡ್ ಆಫ್.

ಶಟರ್ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಬಲ್ಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಕಡಿಮೆ ಬೆಲೆಯ ಎಲ್ಇಡಿಗಳಲ್ಲಿ ಇದು ಜೋರು. ಶಟರ್ 1/500 ಇಟ್ಟರೆ ಒಂದು ಫೋಟೊಗೆ ಮಿಡಿತದ ಏರು ಸಿಗುತ್ತದೆ, ಇನ್ನೊಂದಕ್ಕೆ ಇಳಿತ, ಕೆಲವೊಮ್ಮೆ ಅಡ್ಡ ಪಟ್ಟಿಗಳೂ ಬೀಳುತ್ತವೆ. 1/50 ಅಥವಾ 1/25 ಇಟ್ಟರೆ ಇಡೀ ಮಿಡಿತಗಳು ಒಳಗೆ ಬಂದು ಸರಾಸರಿ ಆಗುತ್ತದೆ. ಕ್ಲೇ ಬೊಂಬೆ ಅಲುಗಾಡದೆ ನಿಂತಿರುವುದರಿಂದ 1/10 ಇಟ್ಟರೂ ಮಸುಕಾಗುವುದಿಲ್ಲ, ISO ಕೂಡ ಕೆಳಗೆ ಇಡಬಹುದು. ಓಡಾಡುವ ಮಕ್ಕಳನ್ನು ತೆಗೆಯುವಾಗ ಈ ಅನುಕೂಲ ಸಿಗುವುದಿಲ್ಲ.

ಶಟರ್ ಇಷ್ಟು ನಿಧಾನ ಆದಾಗ ಫೋನ್ ಅಲುಗಬಾರದು. ಟ್ರೈಪಾಡ್‌ನ ನಡುವಿನ ಕಂಬ ಮೇಲೆತ್ತಬೇಡಿ, ಕಾಲುಗಳನ್ನು ನೆಲಕ್ಕೆ ಟೇಪ್ ಹಚ್ಚಿ ಕೂರಿಸಿ, ಕೆಳಗೆ ಭಾರದ ಚೀಲ ತೂಗುಹಾಕಿ. ಬೊಂಬೆ ಇಟ್ಟ ಮೇಜಿಗೂ ಟೇಪ್ ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಸ್ಕ್ರೀನ್ ಮುಟ್ಟದೆ ಬ್ಲೂಟೂತ್ ರಿಮೋಟಿನಿಂದ ಕ್ಲಿಕ್ ಮಾಡಿ. ಕರೆ ಬಂದು ಫೋನ್ ಗುರ್ ಅಂದರೆ ಚೌಕಟ್ಟು ಸರಿಯುತ್ತದೆ, ಅದಕ್ಕೆ ಏರೋಪ್ಲೇನ್ ಮೋಡ್ ಇರಲಿ, ರಿಮೋಟಿಗಾಗಿ ಬ್ಲೂಟೂತ್ ಮಾತ್ರ ಆನ್ ಇರಲಿ.

ಇನ್ನು ಎಷ್ಟು ಫೋಟೊ? ಸಿನಿಮಾ 24 ಫ್ರೇಮ್, ಒಂದು ಫೋಟೊವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಸಾಕು. ಒಂದು ಕ್ಲೇ ಚೆಂಡು 2 ಸೆಕೆಂಡಿನಲ್ಲಿ 24 ಸೆಂಟಿಮೀಟರ್ ಉರುಳಬೇಕು ಅಂದುಕೊಳ್ಳಿ. ಅದಕ್ಕೆ 24 ನಡೆ, ಸರಾಸರಿ ನಡೆಗೆ 1 ಸೆಂಟಿಮೀಟರ್. ಆದರೆ ಮೊದಲ ಕೆಲವು ನಡೆ 2, 4, 7 ಮಿಲಿಮೀಟರ್ ಇರಲಿ, ಕೊನೆಗೆ ಅದೇ ಅಳತೆ ತಿರುಗಿ ಬರಲಿ, ನಡುವೆ 1 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಸರಿಸಿ. ಆಗ ಚೆಂಡಿಗೆ ತೂಕ ಬರುತ್ತದೆ. 12ರ ಲೆಕ್ಕದಲ್ಲಿ ತೆಗೆದು 30 ಫ್ರೇಮ್‌ನ ವಿಡಿಯೊ ಮಾಡಿದರೆ ಮಾತ್ರ ತೊಂದರೆ. 30ನ್ನು 12ರಿಂದ ಭಾಗಿಸಿದರೆ ಎರಡೂವರೆ, ಅಂದರೆ ಒಂದು ಫೋಟೊ ಎರಡು ಫ್ರೇಮ್ ನಿಲ್ಲುತ್ತದೆ, ಮುಂದಿನದು ಮೂರು. ಆ ಕುಂಟುನಡೆಯನ್ನೂ ಜನ ಫ್ಲಿಕರ್ ಅಂದುಕೊಳ್ಳುತ್ತಾರೆ. ವಿಡಿಯೊವನ್ನು 24ಕ್ಕೆ ಮಾಡಿ, ಇಲ್ಲವೇ ಸೆಕೆಂಡಿಗೆ 10 ಅಥವಾ 15 ಫೋಟೊ ಲೆಕ್ಕ ಹಿಡಿಯಿರಿ. ಸೆಕೆಂಡಿಗೆ 24 ತೆಗೆದರೆ ಫ್ಲಿಕರ್ ಹೋಗುವುದಿಲ್ಲ, ಇನ್ನೂ ಬೇಗ ಬೇಗ ಮಿಣುಕುತ್ತದೆ ಅಷ್ಟೇ.

ಯಾವ ಕಾಟ ಯಾವುದರದ್ದು ಅಂತ ತಿಳಿಯಲು ಸುಲಭದ ದಾರಿ ಇದೆ. ಏನನ್ನೂ ಸರಿಸದೆ ಸುಮ್ನೆ 24 ಫೋಟೊ ತೆಗೆದು ಓಡಿಸಿ. ಬಣ್ಣ ಹಳದಿ-ನೀಲಿ ಆಡಿದರೆ ವೈಟ್ ಬ್ಯಾಲೆನ್ಸ್ ಲಾಕ್ ಆಗಿಲ್ಲ. ಇಡೀ ಚಿತ್ರ ಬೆಳಗಿ ಮಬ್ಬಾದರೆ ಎಕ್ಸ್‌ಪೋಷರ್ ಅಥವಾ ವೋಲ್ಟೇಜ್. ಪಟ್ಟಿಗಳು ಸರಿದಾಡಿದರೆ ಶಟರ್. ನಿಧಾನವಾಗಿ ಅಲೆಯಂತೆ ಬದಲಾದರೆ ಕಿಟಕಿಯ ಬಿಸಿಲು, ಮೋಡ ಬಂದು ಹೋದ ಗುರುತು, ಪರದೆ ಎಳೆದು ದೀಪದಲ್ಲೇ ಕೆಲಸ ಮಾಡಿ. ಒಂದು ಬದಿ ಮಾತ್ರ ಆಡಿದರೆ ಅದು ನೀವೇ. ಬಿಳಿ ಅಂಗಿಯಿಂದ ಬೆಳಕು ಚಿಮ್ಮಿ ಬೊಂಬೆಯ ಮೇಲೆ ಬೀಳುತ್ತದೆ. ಕಪ್ಪು ಅಂಗಿ ಹಾಕಿ, ಕ್ಲಿಕ್ ಮಾಡುವಾಗ ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲಿ.

ಇಷ್ಟಾದರೂ ಬೊಂಬೆಯ ಮೈ ಮಾತ್ರ ಕುದಿಯುವಂತೆ ಕಂಡರೆ ಅದು ಬೆಳಕಲ್ಲ, 'ಕಿಂಗ್ ಕಾಂಗ್' ತುಪ್ಪಳದಂತೆ ಬೆರಳಿನ ಗುರುತು. ಜೇಡಿಮಣ್ಣು ಬಳಸಿದ್ದರೆ ಅದು ಒಣಗುತ್ತಾ ಬಣ್ಣ ತಿಳಿಯಾಗುತ್ತದೆ, ಬಿರುಕೂ ಬಿಡುತ್ತದೆ. ಎಡಿಟಿಂಗ್‌ನಲ್ಲಿ ಫ್ಲಿಕರ್ ತೆಗೆಯುವ ಸಾಫ್ಟ್‌ವೇರ್ ಇದೆ ಅಂತ ನೆಚ್ಚಿ ಕೂರುವವರು ಜಾಸ್ತಿ ಆಗುತ್ತಿದ್ದಾರೆ. ಅದು ಇಡೀ ಚಿತ್ರದ ಬೆಳಕನ್ನು ಫ್ರೇಮಿನಿಂದ ಫ್ರೇಮಿಗೆ ಸಮ ಮಾಡಬಲ್ಲದು. ಬಿಸಿಲಿನ ಜೊತೆ ಜಾಗ ಬದಲಿಸಿದ ನೆರಳನ್ನು ವಾಪಸ್ ತರುವುದು ಅದರಿಂದ ಆಗುವುದಿಲ್ಲ, ಆ ಶಾಟ್ ಮತ್ತೆ ತೆಗೆಯಲೇಬೇಕು.